ಪರದೆಯ ಮೇಲೆ ಬಂದ ಹೆಸರು

ಪೀಣ್ಯದ ನಮ್ಮ ಶೆಡ್ಡಿನಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಪವರ್ ಪ್ರೆಸ್ಸು ಬಡಿಯುವ ಸದ್ದಿನಲ್ಲಿ ಉದ್ದದ ಹೆಸರು ಮೂರು ಮಾರು ದೂರ ಹೋಗುವುದಿಲ್ಲ. ಅದಕ್ಕೇ ಯಾರು ಯಾವ ಮಷೀನಿಗೆ ನಿಂತರೋ ಅದೇ ಅವರ ಹೆಸರಾಗಿಬಿಡುತ್ತಿತ್ತು. ನಾನು ಲೇತು. ಕನಕಪುರದ ಕಡೆಯವನೊಬ್ಬ ಗ್ರೈಂಡಿಂಗು. ನನ್ನ ಪಕ್ಕದ ಮಷೀನಿನಲ್ಲಿ ಎಂಟು ವರ್ಷ ನಿಂತಿದ್ದವನು ಡ್ರಿಲ್ಲು. ಅವನು ಬಾಗಲಕೋಟೆ ಕಡೆಯವನು. ನಮ್ಮೆಲ್ಲರಿಗಿಂತ ಎತ್ತರ, ನಮ್ಮೆಲ್ಲರಿಗಿಂತ ಮಾತು ಕಡಿಮೆ.

ಅವನು ತೀರಿಕೊಂಡದ್ದು ಒಂದು ಭಾನುವಾರ. ಚಿಕ್ಕಬಾಣಾವರದ ತನ್ನ ಬಾಡಿಗೆ ರೂಮಿನ ಮುಂದೆ ಬಟ್ಟೆ ಒಗೆಯುತ್ತಿದ್ದವನು ಎದೆ ಹಿಡಿದುಕೊಂಡು ಅಲ್ಲೇ ಕೂತನಂತೆ. ಮನೆ ಓನರು ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗುವ ಹೊತ್ತಿಗೆ ಆಗಿಹೋಗಿತ್ತು. ಊರಿಂದ ಅವನ ಅಣ್ಣ ಬಂದು ಅದೇ ರಾತ್ರಿ ಹೆಣ ತೆಗೆದುಕೊಂಡು ಹೊರಟ. ಶೆಡ್ಡಿನಿಂದ ನಾವು ಆರು ಜನ ಹೋಗಿದ್ದೆವು. ಬಿಳಿ ಬಟ್ಟೆಯಲ್ಲಿ ಸುತ್ತಿದ್ದರಿಂದ ಅವನ ಪಾದಗಳು ಮಾತ್ರ ಕಂಡವು. ಹಿಮ್ಮಡಿಯ ಸೀಳುಗಳಲ್ಲಿ ಮಷೀನಿನ ಎಣ್ಣೆ ಕಪ್ಪಗೆ ಕೂತಿತ್ತು. ಆಂಬುಲೆನ್ಸ್ ಬಾಗಿಲು ಹಾಕಿದ ಮೇಲೆ ಗ್ರೈಂಡಿಂಗು, "ಒಂದು ಹೂವಿನ ಹಾರನಾದ್ರೂ ತರಬೇಕಿತ್ತು ಕಣೋ" ಅಂದ. ಯಾರಿಗೂ ಹೊಳೆದಿರಲಿಲ್ಲ.

ಶೆಡ್ಡಿನಲ್ಲಿ ಒಂದು ಪದ್ಧತಿ ಇದೆ. ಯಾರದಾದರೂ ಮನೆಯಲ್ಲಿ ಸಾವಾದರೆ ಎಲ್ಲರೂ ಒಂದು ದಿನದ ಕೂಲಿ ಹಾಕಬೇಕು. ನಮ್ಮಲ್ಲೇ ಒಬ್ಬ ಹೋದರೆ ಮೂರು ದಿನದ್ದು. ಯಾರೂ ಬರೆದಿಟ್ಟ ನಿಯಮ ಅಲ್ಲ, ಆದರೂ ಯಾರೂ ತಪ್ಪಿಸುವುದಿಲ್ಲ. ಆ ದುಡ್ಡನ್ನು ನನ್ನ ಫೋನಿಗೆ ಹಾಕುವುದು, ನಾನು ಮನೆಯವರಿಗೆ ಕಳಿಸುವುದು ಎಂದು ಮೊದಲಿನಿಂದ ನಡೆದುಬಂದಿತ್ತು. ನಾನು ಎಸ್ಸೆಸ್ಸೆಲ್ಸಿ ಕಟ್ಟಿ ಪಾಸಾದದ್ದು ಮೂವತ್ತನಾಲ್ಕನೇ ವಯಸ್ಸಿನಲ್ಲಿ. ಒಂದೊಂದೇ ಅಕ್ಷರ ನೋಡಿ ಓದುತ್ತೇನೆ. ಉಳಿದವರು ಸರಸರ ಓದಿ ಏನನ್ನಾದರೂ ಬಿಟ್ಟುಬಿಡುತ್ತಾರೆ, ಇವನು ಬಿಡುವುದಿಲ್ಲ ಎಂಬ ನಂಬಿಕೆ ಅವರಿಗೆ.

ಆ ನಿಧಾನಕ್ಕೆ ಇನ್ನೊಂದು ಕಾರಣವೂ ಇತ್ತು. ಬಹಳ ಹಿಂದೆ, ನನ್ನ ಅವ್ವನ ಕಣ್ಣಿನ ಆಪರೇಷನ್ನಿಗೆ ಬ್ಯಾಂಕಿಗೆ ಹೋಗಿ ಚೀಟಿ ಬರೆದು ಅಣ್ಣನ ಖಾತೆಗೆ ದುಡ್ಡು ಕಳಿಸಿದ್ದೆ. ಅಣ್ಣನ ಹೆಸರನ್ನು ದುಂಡಗೆ, ತಪ್ಪಿಲ್ಲದೆ ಬರೆದಿದ್ದೆ. ಖಾತೆ ನಂಬರಿನಲ್ಲಿ ಒಂದು ಅಂಕಿ ತಪ್ಪಿತ್ತು. ದುಡ್ಡು ಯಾರದೋ ಖಾತೆಗೆ ಹೋಯಿತು. "ಹೆಸರು ಬರೆದಿದ್ದೀನಲ್ಲ ಸಾರ್, ಹೆಸರು ನೋಡಲಿಲ್ವಾ?" ಎಂದು ಕೇಳಿದ್ದಕ್ಕೆ, ಬ್ಯಾಂಕಿನವರು "ದುಡ್ಡು ಹೋಗೋದು ನಂಬರ್ ಮೇಲೆ ಅಪ್ಪಾ, ಹೆಸರನ್ನ ಯಾರೂ ತಾಳೆ ನೋಡಲ್ಲ" ಅಂದರು. ದುಡ್ಡು ವಾಪಸ್ಸು ಬರುವ ಹೊತ್ತಿಗೆ ಆಸ್ಪತ್ರೆಯವರು ಕೊಟ್ಟ ದಿನ ಮುಗಿದಿತ್ತು. ಅವ್ವ ಇನ್ನೊಂದು ವರ್ಷ ಮಬ್ಬಿನಲ್ಲೇ ಒಲೆ ಹಚ್ಚಿದಳು. ಆಗ ಕಳಿಸುವವನಿಗೆ ಆ ಕಡೆಯ ಹೆಸರು ಕಾಣುತ್ತಿರಲಿಲ್ಲ. ಈಗ ಕಾಣುತ್ತದೆ. ಕಂಡಾಗ ನಾನು ಓದುತ್ತೇನೆ.

ಡ್ರಿಲ್ಲು ಹೋದ ಐದನೇ ದಿನ ಎಲ್ಲರ ಪಾಲೂ ಬಂದು ಸೇರಿತು. ಅವನ ಹೆಂಡತಿಯ ನಂಬರನ್ನು ಆಫೀಸಿನ ಮೇಡಂ ಕೊಟ್ಟರು. ಪಿಎಫ್, ಇಎಸ್‌ಐ ಕಾಗದ ನೋಡಿಕೊಳ್ಳುವವರು ಅವರೇ. ಊಟದ ಬಿಡುವಿನಲ್ಲಿ ನಾನು ಮೊದಲು ಫೋನ್ ಮಾಡಿದೆ. ಅವಳ ದನಿ ಕೇಳಿದ್ದು ಅದೇ ಮೊದಲು.

"ಅಮ್ಮಾ, ನಾವು ಪೀಣ್ಯದಿಂದ. ಯಜಮಾನ್ರ ಜೊತೆ ಕೆಲಸ ಮಾಡೋರು. ಎಲ್ರೂ ಸೇರಿ ಸ್ವಲ್ಪ ದುಡ್ಡು ಕೂಡಿಸಿದ್ದೀವಿ. ಎಲ್ಲಿಗೆ ಹಾಕೋಣ?"

ಆ ಕಡೆ ಬಾಗಿಲು ಹಾಕಿದ ಸದ್ದಾಯಿತು. ಆಮೇಲೆ, "ಇದ ಫೋನಿಗೆ ಹಾಕ್ರಿ ಅಣ್ಣಾರ. ಇದು ನಂದ ನಂಬರ. ತಿಂಗಳಾ ಅವರೂ ಇದಕ್ಕ ಹಾಕ್ತಿದ್ರು" ಅಂದಳು. ದನಿ ತಗ್ಗಿಸಿ ಇನ್ನೊಂದು ಮಾತು ಸೇರಿಸಿದಳು. "ನನ್ನ ಕೈಗೇ ಬರೂ ಹಂಗ ನೋಡ್ರಿ. ಹುಡುಗ್ಯಾರು ಇಬ್ರು ಅದಾರ. ತವರಿಗೆ ಹೋಗ್ಬೇಕಂದ್ರ ಬಸ್ಸಿಗೂ ಭಾವನವರ ಹತ್ರ ಕೇಳ್ಬೇಕಾಗೇತಿ."

"ನಿಮ್ಮ ಕೈಗೇ ಬರುತ್ತೆ ಅಮ್ಮಾ" ಎಂದು ಹೇಳಿ ಫೋನಿಟ್ಟೆ.

ಉಳಿದ ಒಂಬತ್ತು ಜನ ಸುತ್ತ ನಿಂತಿದ್ದರು. ಆ ನಂಬರನ್ನು ದುಡ್ಡು ಕಳಿಸುವ ಆ್ಯಪ್‌ನಲ್ಲಿ ಒತ್ತಿದೆ. ಚಕ್ರ ಒಂದು ಸುತ್ತು ತಿರುಗಿ ಹೆಸರು ಬಂತು. ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ ಮೂರು ಪದ. ಬೆರಳಿಟ್ಟು ಓದಿದೆ. ಗಂಡಸಿನ ಹೆಸರು. ಯಾವತ್ತೂ ಕೇಳದ ಹೆಸರು.

"ಇದ್ಯಾರೋ ಬೇರೆಯವ್ರು" ಅಂದೆ.

ಗ್ರೈಂಡಿಂಗು ಬಗ್ಗಿ ನೋಡಿದ. "ನೀನೇ ನಂಬರ್ ತಪ್ಪು ಒತ್ತಿರ್ತೀಯ. ಒಂದು ಬೆರಳಲ್ಲಿ ಕೋಳಿ ಕುಕ್ಕಿದಂಗೆ ಕುಕ್ತೀಯ."

ನಂಬರನ್ನು ತಾಳೆ ನೋಡಿದೆವು. ಸರಿಯಾಗಿಯೇ ಇತ್ತು. ಈಗ ತಾನೇ ಮಾತಾಡಿದ ನಂಬರೇ.

"ಹಂಗಾದ್ರೆ ಒಂದು ರೂಪಾಯಿ ಹಾಕಿ ನೋಡು ಗುರು" ಅಂದ ಪವರ್ ಪ್ರೆಸ್ಸಿನವನು. "ಬಂತು ಅಂದ್ರೆ ಮಿಕ್ಕಿದ್ದು ಹಾಕು. ನಾನು ಊರಿಗೆ ಹಂಗೇ ಮಾಡೋದು."

ಎಲ್ಲರೂ ಹಾಗೇ ಮಾಡುತ್ತಿದ್ದೆವು. ನನ್ನ ಬೆರಳೂ ಒಂದರ ಅಂಕಿಯ ಮೇಲೆ ಹೋಗಿತ್ತು. ಆದರೆ ಆ ಹೆಸರು ನನ್ನನ್ನು ಬಿಡಲಿಲ್ಲ. ಹೆಂಗಸು ನನ್ನ ನಂಬರು ಅನ್ನುತ್ತಾಳೆ, ಬಂದಿರುವುದು ಗಂಡಸಿನ ಹೆಸರು. ಅವಳ ಭಾವನದೇ ಇರಬಹುದೇ ಎಂದುಕೊಂಡೆ. ದುಡ್ಡು ಅವಳ ಕೈಗೇ ಬರುತ್ತದೆ ಎಂದು ಹೇಳಿ ಹತ್ತು ನಿಮಿಷವೂ ಆಗಿರಲಿಲ್ಲ.

"ಕೇಳೇಬಿಡ್ತೀನಿ" ಎಂದು ಮತ್ತೆ ಫೋನ್ ಮಾಡಿದೆ. ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದೆ. ಅದೊಂದು ತಪ್ಪು ಮಾಡಿದೆ.

"ಅಮ್ಮಾ, ಈ ನಂಬರ್ ಹಾಕಿದ್ರೆ ಬೇರೆ ಯಾರದೋ ಹೆಸರು ಬರ್ತಿದೆ. ಇವರು ನಿಮಗೆ ಏನಾಗ್ಬೇಕು?" ಎಂದು ಆ ಮೂರು ಪದ ಓದಿದೆ. ಮಧ್ಯದ ಪದದಲ್ಲಿ ಎಡವಿ ಎರಡನೇ ಸಲ ಸರಿಯಾಗಿ ಓದಿದೆ.

ಆ ಕಡೆ ಕೋಳಿಯೊಂದು ಕೂಗಿದ್ದು, ಯಾರೋ ಪಾತ್ರೆ ಇಟ್ಟದ್ದು ಕೇಳಿತು. ಆಮೇಲೆ ಉಸಿರು ಎಳೆದುಕೊಂಡ ಸದ್ದು.

"ಅದು ಅವರದ ಹೆಸರ್ರಿ" ಅಂದಳು.

ಅವಳು ಅತ್ತದ್ದು ಸಣ್ಣ ಸದ್ದಿನಲ್ಲಿ. ಆದರೂ ಮಷೀನುಗಳು ನಿಂತಿದ್ದ ಶೆಡ್ಡಿನಲ್ಲಿ ಮೂಲೆಯವರೆಗೂ ಕೇಳಿತು. ಪವರ್ ಪ್ರೆಸ್ಸಿನವನು ತನ್ನ ಊಟದ ಡಬ್ಬಿ ಮುಚ್ಚಿದ. ನಾನು ಸ್ಪೀಕರ್ ತೆಗೆದೆ. "ಆಮೇಲೆ ಮಾಡ್ತೀನಮ್ಮ" ಅಂದೆ.

ಎಂಟು ವರ್ಷ. ಒಂದೇ ಬೆಂಚಿನ ಮೇಲೆ ಊಟ. ಅವನ ರೊಟ್ಟಿ ನನಗೆ, ನನ್ನ ಮುದ್ದೆ ಅವನಿಗೆ. ನನ್ನ ಫೋನಿನಲ್ಲಿ ಅವನ ಬೆಂಗಳೂರಿನ ನಂಬರನ್ನು 'ಡ್ರಿಲ್ಲು' ಎಂದೇ ಹಾಕಿಕೊಂಡಿದ್ದೆ. ಎಷ್ಟೋ ಸಲ ಟೀ ದುಡ್ಡು ಅವನಿಗೆ ಕಳಿಸಿದ್ದೇನೆ. ಆಗೆಲ್ಲ ದೊಡ್ಡದಾಗಿ 'ಡ್ರಿಲ್ಲು' ಎಂದು ಬಂದು, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಬ್ಯಾಂಕಿನಲ್ಲಿರುವ ಅವನ ನಿಜವಾದ ಹೆಸರೂ ಬಂದಿರಬೇಕು. ಅಕ್ಷರ ಬಿಡದೆ ಓದುವವನು ನಾನು. ಅದನ್ನು ಒಂದು ದಿನವೂ ಓದಿರಲಿಲ್ಲ.

ಗ್ರೈಂಡಿಂಗು ನನ್ನ ಪಕ್ಕ ಬಂದು ಕೂತು, "ಸರಿ ಬಿಡು. ಅವನದೇ ಅಕೌಂಟು ತಾನೇ? ಅವನ ಮನೆ ದುಡ್ಡು ಅವನ ಮನೆಗೇ ಹೋಗುತ್ತೆ. ಒತ್ತಿಬಿಡು" ಅಂದ.

ನನಗೂ ಹಾಗೇ ಅನ್ನಿಸಿತು. ಆದರೆ ಸತ್ತವನಿಗೆ ದುಡ್ಡು ಕಳಿಸುವುದು ಎಂದು ಮನಸ್ಸಿನಲ್ಲಿ ಬಂದ ಕೂಡಲೇ ಕೈ ಬರಲಿಲ್ಲ. ಫೋನ್ ಹಿಡಿದುಕೊಂಡು ಆಫೀಸಿಗೆ ಹೋಗಿ ಮೇಡಂಗೆ ತೋರಿಸಿದೆ. ಅವರು ರಿಜಿಸ್ಟರ್ ತೆಗೆದರು. ಅವನ ಟೋಕನ್ ನಂಬರಿನ ಮುಂದೆ ಅದೇ ಮೂರು ಪದ ಇದ್ದವು.

"ಇದಕ್ಕೆ ಹಾಕ್ಬೇಡಿ ಕಣ್ರೀ" ಅಂದರು ಮೇಡಂ. "ತೀರಿಹೋಗಿದ್ದಾರೆ ಅಂತ ಬ್ಯಾಂಕಿಗೆ ಗೊತ್ತಾದ ತಕ್ಷಣ ಅಕೌಂಟಿಂದ ದುಡ್ಡು ತೆಗೆಯೋದು ನಿಲ್ಲಿಸ್ತಾರೆ. ಪಿನ್ ಗೊತ್ತಿದ್ರೂ ಆ ಹೆಣ್ಮಗಳು ತೆಗೆಯೋ ಹಂಗಿಲ್ಲ. ಆಮೇಲೆ ನಾಮಿನಿ ಅಂತ ಯಾರ ಹೆಸರು ಕೊಟ್ಟಿದ್ದಾರೋ ಅವರಿಗೆ ಕೊಡ್ತಾರೆ. ನಾಮಿನಿ ಯಾರು?"

ನನಗೇನು ಗೊತ್ತು? ಮೂರನೇ ಸಲ ಫೋನ್ ಮಾಡಿದೆ. ಈ ಸಲ ಆಫೀಸಿನ ಹೊರಗೆ, ಗುಜರಿ ಕಬ್ಬಿಣದ ರಾಶಿಯ ಹತ್ತಿರ ಒಬ್ಬನೇ ನಿಂತು.

ಅವಳು ಸುಧಾರಿಸಿಕೊಂಡಿದ್ದಳು. ವಿಷಯ ಒಂದೊಂದಾಗಿ ತಿಳಿಯಿತು. ಆ ನಂಬರು ಮೊದಲು ಅವನದು. ಹೊಸ ಫೋನು, ಹೊಸ ಸಿಮ್ಮು ತೆಗೆದುಕೊಂಡಾಗ ಹಳೆಯ ಫೋನನ್ನು ಸಿಮ್ಮಿನ ಸಮೇತ ಅವಳಿಗೆ ಕೊಟ್ಟಿದ್ದ. ಊರಿನ ಬ್ಯಾಂಕಿನ ಖಾತೆಗೆ ಆ ನಂಬರೇ ಉಳಿದಿತ್ತು. ಸಂಬಳ ಆದ ದಿನ ಅವನು ಕಂಪನಿಯವರು ತೆಗೆಸಿಕೊಟ್ಟ ಸಂಬಳದ ಖಾತೆಯಿಂದ ತನ್ನ ಊರಿನ ಖಾತೆಗೆ ಹಾಕುತ್ತಿದ್ದ. ಮೆಸೇಜು ಅವಳ ಕೈಲಿದ್ದ ಫೋನಿಗೆ ಬರುತ್ತಿತ್ತು. ಅವನು ಹೇಳಿಕೊಟ್ಟ ಪಿನ್ ಒತ್ತಿ ಅವಳು ಅಂಗಡಿಗೆ, ಹಿಟ್ಟಿನ ಗಿರಣಿಗೆ ಕೊಡುತ್ತಿದ್ದಳು. ಖಾತೆ ತನ್ನದೇ ಎಂದು ಅವಳು ನಂಬಿದ್ದಳು. ಅವನಿಗೂ ಅದು ಬೇರೆ ಅನ್ನಿಸಿರಲಿಕ್ಕಿಲ್ಲ.

ಒಂದು ರೂಪಾಯಿ ಹಾಕಿ ನೋಡಿದ್ದರೆ ಏನಾಗುತ್ತಿತ್ತು ಎಂದು ಅಲ್ಲೇ ನಿಂತು ಯೋಚಿಸಿದೆ. ಮೆಸೇಜು ಅವಳ ಫೋನಿಗೇ ಬರುತ್ತಿತ್ತು. ಅವಳು 'ಹೂಂ, ಬಂತ್ರಿ' ಅನ್ನುತ್ತಿದ್ದಳು. ನಾವು ಅಷ್ಟನ್ನೂ ಹಾಕಿಬಿಡುತ್ತಿದ್ದೆವು. ಎಚ್ಚರಿಸಿದ್ದು ಆ ಹೆಸರೊಂದೇ.

"ನಾಮಿನಿ ಅಂತ ಯಾರ ಹೆಸರು ಇದೆ ಅಮ್ಮಾ?"

"ಲಗ್ನಕ್ಕಿಂತ ಮೊದಲ ತೆಗೆದ ಖಾತೇರಿ ಅದು. ಭಾವನವರ ಹೆಸರ ಐತಂತ. ಅವರ ಅಂದ್ರು. ಇವತ್ತ ಮುಂಜಾನೆ ಎಲ್ಲಾ ಕಾಗದ ತಗೊಂಡು ಬ್ಯಾಂಕಿಗೆ ಹೋಗ್ಯಾರ್ರಿ." ಮತ್ತೆ ತಾನೇ, "ಅವರೇನ ಕೆಟ್ಟವರಲ್ರಿ. ಆದ್ರ ಅವರ ಕೈಗೆ ಹೋದಮ್ಯಾಲ ನಾ ಕೇಳಿ ಇಸ್ಕೋಬೇಕಲ್ರಿ" ಅಂದಳು.

"ನಿಮ್ಮದೇ ಹೆಸರಲ್ಲಿ ಅಕೌಂಟ್ ಏನೂ ಇಲ್ವಾ?"

"ಸರಕಾರದ್ದು ಹೆಣ್ಮಕ್ಕಳಿಗೆ ರೊಕ್ಕ ಬರತೈತಲ್ರಿ, ಅದಕ್ಕ ಒಂದು ತೆಗದೇವಿ. ಫೋನ್ ನಂಬರಿಗೆ ಹಾಕಿದ್ರ ಅದಕ್ಕ ಬರಂಗಿಲ್ಲ. ಪಾಸ್‌ಬುಕ್ ಐತಿ."

"ಅದೇ ಸಾಕು. ನಂಬರ್ ಓದ್ರಿ."

ಪೆಟ್ಟಿಗೆ ತೆರೆದು ಪಾಸ್‌ಬುಕ್ ತಂದು ಅವಳು ಒಂದೊಂದೇ ಅಂಕಿ ಓದಿದಳು. ನಾನು ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡೆ. ಫೋನಿಟ್ಟು ಆಫೀಸಿನೊಳಕ್ಕೆ ಹೋದೆ, ಶಾಖೆಯ ಕೋಡನ್ನು ಮೇಡಂ ಹುಡುಕಿ ಕೊಟ್ಟರು. ಈ ಸಲ ನನ್ನ ಬ್ಯಾಂಕಿನ ಆ್ಯಪ್ ತೆರೆದು ಖಾತೆ ನಂಬರನ್ನು ಅದು ಕೇಳಿದಂತೆ ಎರಡು ಸಲ ಒತ್ತಿದೆ, ಕೋಡ್ ಹಾಕಿದೆ. ಖಾತೆದಾರರ ಹೆಸರು ನೋಡಿ ಎಂಬ ಗುಂಡಿ ಒತ್ತಿದೆ. ಅವ್ವನ ಆಪರೇಷನ್ನಿನ ಕಾಲದಲ್ಲಿ ಈ ಗುಂಡಿ ಇರಲಿಲ್ಲ.

ಹೆಸರು ಬಂತು. ಹೆಂಗಸಿನದೇ.

ಮೇಡಂ, "ಸರಿಯಾಯ್ತಲ್ಲ, ಕಳಿಸಿ" ಅಂದರು. ಹೆಂಗಸಿನ ಹೆಸರು, ಅದೇ ಊರಿನ ಶಾಖೆ. ಸರಿಯೇ ಇರಬೇಕು. ಆದರೆ ಅವಳ ಹೆಸರು ಏನೆಂದು ನನಗೆಲ್ಲಿ ಗೊತ್ತು? ಡ್ರಿಲ್ಲು ಅವಳನ್ನು 'ನಮ್ಮಾಕಿ' ಅನ್ನುತ್ತಿದ್ದ, ಅಷ್ಟೆ. ಪರದೆ ಹೆಸರು ತೋರಿಸುತ್ತದೆ, ಇವರು ಹೌದೋ ಅಲ್ಲವೋ ಎಂದು ಅದು ಹೇಳುವುದಿಲ್ಲ. ಅದನ್ನು ನಾವೇ ಹೇಳಬೇಕು. ಮತ್ತೆ ಅವಳಿಗೆ ಫೋನ್ ಮಾಡಿದೆ, ಈ ಸಲ ಪರದೆಯ ಹೆಸರನ್ನು ಓದಿ ಹೇಳಲು ಹೋಗಲಿಲ್ಲ. ಓದಿದರೆ ಸಂಕಟದಲ್ಲಿರುವವರು ಎಲ್ಲಕ್ಕೂ ಹೂಂ ಅಂದುಬಿಡುತ್ತಾರೆ.

"ಅಮ್ಮಾ, ಪಾಸ್‌ಬುಕ್ಕಲ್ಲಿ ನಿಮ್ಮ ಹೆಸರು ಹೆಂಗೆ ಬರೆದಿದ್ದಾರೋ ಹಂಗೇ ಹೇಳಿ."

"ನನ್ನ ಹೆಸರೇನ್ರಿ?" ಎಂದು ಕೇಳಿದಳು, ಬೇರೆ ಯಾರದೋ ಹೆಸರು ಕೇಳಿದಂತೆ. ಆಮೇಲೆ ಹೇಳಿದಳು.

ಪರದೆಯ ಮೇಲಿದ್ದದ್ದು ಅದಲ್ಲ. ಅವಳ ಊರಿನದೇ ಇನ್ನೊಬ್ಬ ಹೆಂಗಸು ಇರಬೇಕು. ಅದೇ ಬ್ಯಾಂಕು, ಅದೇ ಕಾರಣಕ್ಕೆ ಖಾತೆ ತೆರೆದವಳು, ಖಾತೆ ನಂಬರಿನಲ್ಲಿ ಒಂದು ಅಂಕಿ ಮಾತ್ರ ಬೇರೆ. ಅಂಗೈ ಬೆವರಿ ಒಂದು ಅಂಕಿ ಕದಡಿತ್ತು. ಮೂರೋ ಎಂಟೋ ತಿಳಿಯದೆ ನಾನೇ ಎಂಟು ಮಾಡಿಕೊಂಡಿದ್ದೆ. ಕಳಿಸುವ ಗುಂಡಿ ಒತ್ತಿಬಿಟ್ಟಿದ್ದರೆ ಆ ಹೆಂಗಸಿನ ಮನೆ ಬಾಗಿಲಿಗೆ ಹೋಗಿ ಕೇಳಬೇಕಿತ್ತು, ಗಂಡನನ್ನು ಕಳೆದುಕೊಂಡು ಐದು ದಿನ ಆದವಳು.

"ಪಾಸ್‌ಬುಕ್ಕಿನ ಮೊದಲ ಹಾಳೆ ಫೋಟೋ ತೆಗೆದು ಕಳಿಸಿ ಅಮ್ಮಾ" ಅಂದೆ. ಫೋಟೋ ಬಂತು. ಮೂಲೆಯಲ್ಲಿ ಅವಳ ಹೆಬ್ಬೆರಳೂ ಬಂದಿತ್ತು. ಅದನ್ನು ಮೇಡಂ ಫೋನಿಗೆ ಕಳಿಸಿ ಅವರ ಪಕ್ಕದಲ್ಲಿ ಕೂತೆ. ಅವರು ಓದಿದರು, ನಾನು ಒತ್ತಿದೆ. ಚಕ್ರ ತಿರುಗಿತು. ಅವಳು ಹೇಳಿದ ಹೆಸರೇ ಬಂತು. ಫೋಟೋದಲ್ಲಿದ್ದ ಹೆಸರೂ ಅದೇ. ಮೂರನ್ನೂ ತಾಳೆ ನೋಡಿ ಕಳಿಸಿದೆ.

ಊಟದ ಬಿಡುವು ಮುಗಿದು ಅರ್ಧ ಗಂಟೆಯಾಗಿತ್ತು. ಸೂಪರ್‌ವೈಸರ್ ಏನೂ ಅನ್ನಲಿಲ್ಲ. ಮಷೀನುಗಳೂ ಶುರುವಾಗಿರಲಿಲ್ಲ. ಎಲ್ಲರೂ ನನ್ನ ಬೆಂಚಿನ ಹತ್ತಿರವೇ ಕಾಯುತ್ತಿದ್ದರು.

"ಹೋಯ್ತಾ?" ಅಂದ ಗ್ರೈಂಡಿಂಗು.

"ಹೋಯ್ತು. ಆಯಮ್ಮನ ಹೆಸರಿಗೇ ಹೋಯ್ತು."

"ಏನು ಹೆಸರು?"

ಹೇಳಿದೆ. ಅವನು ಒಂದು ಸಲ ಬಾಯಲ್ಲೇ ಅಂದುಕೊಂಡ.

ಅಷ್ಟರಲ್ಲಿ ಅವಳದೇ ಫೋನು. ಆ ಖಾತೆಗೂ ಅದೇ ನಂಬರು ಕೊಟ್ಟಿದ್ದಳಂತೆ, ಮೆಸೇಜು ಬಂದಿತ್ತು. "ಬಂತ್ರಿ ಅಣ್ಣಾರ" ಅಂದಳು. ಎಲ್ಲರಿಗೂ ತಾನೇ ಒಂದು ಮಾತು ಹೇಳಬೇಕು, ಕೇಳುವ ಹಾಗೆ ಮಾಡಿ ಅಂದಳು. ನನಗೆ ಮತ್ತೆ ಸ್ಪೀಕರ್ ಹಾಕಲು ಮನಸ್ಸಿರಲಿಲ್ಲ. ಆದರೂ ಹಾಕಿದೆ.

ಅವಳು ಮೊದಲು ನನ್ನ ಹೆಸರು ಹೇಳಿದಳು. ಲೇತು ಅನ್ನಲಿಲ್ಲ. ನನ್ನ ಅವ್ವ ಇಟ್ಟ, ಮನೆಯವರು ಬಿಟ್ಟರೆ ಯಾರೂ ಕರೆಯದ ಹೆಸರು. "ನೀವ ಅಲ್ರೀ ಫೋನ್ ಮಾಡಿದ್ದು? ದನಿ ಕೇಳಿ ಹಂಗ ಅನಿಸ್ತು. ನಿಧಾನ ಮಾತಾಡ್ತಾರ ಅಂತಿದ್ರು." ಆಮೇಲೆ ಗ್ರೈಂಡಿಂಗಿನವನ ಹೆಸರು. ಆಮೇಲೆ ಪವರ್ ಪ್ರೆಸ್ಸಿನವನದು, ವೆಲ್ಡಿಂಗಿನವನದು, ಪ್ಯಾಕಿಂಗಿನ ಇಬ್ಬರದು. ತಂತಮ್ಮ ಹೆಸರು ಬಂದಾಗ ಒಬ್ಬೊಬ್ಬರೂ ತಲೆ ಎತ್ತಿದರು, ಒಂದೂ ತಪ್ಪಲಿಲ್ಲ. ಒಬ್ಬೊಬ್ಬರ ಹೆಸರಿನ ಹಿಂದೆಯೂ ಒಂದು 'ಅಣ್ಣಾರ' ಸೇರಿಸಿ, "ನಿಮ್ಮ ಉಪಕಾರ ಮರಿಯಂಗಿಲ್ಲ" ಅಂದಳು.

ಗ್ರೈಂಡಿಂಗಿನವನ ಹೆಸರು ನಾನು ಕೇಳಿದ್ದು ಆಗಲೇ. ಹನ್ನೊಂದು ವರ್ಷದಿಂದ ಅವನ ಜೊತೆ ಇದ್ದೇನೆ.

"ನಿಮಗೆ ಹೆಂಗೆ ಗೊತ್ತಮ್ಮಾ ಇವೆಲ್ಲ?" ಎಂದು ಅವನೇ ಕೇಳಿದ. ಯಾವಾಗಲೂ ರೇಗಿಸುವವನು ಫೋನಿನ ಹತ್ತಿರ ಬಗ್ಗಿದ್ದ.

"ಊರಿಗೆ ಬಂದಾಗ ನಿಮ್ಮ ಮಾತ ಬಿಟ್ರ ಬ್ಯಾರೆ ಮಾತ ಇರ್ತಿದ್ದಿಲ್ರಿ. ನಮ್ಮ ಹುಡುಗ್ಯಾರಿಗೂ ನಿಮ್ಮ ಹೆಸರ ಬಾಯಿಪಾಠ." ಆಮೇಲೆ ದೂರುವಂತೆ ಅಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕು ಎಂಬ ದನಿಯಲ್ಲಿ ಕೇಳಿದಳು. "ಅಣ್ಣಾರ, ಅವರ ಹೆಸರ ನಿಮಗ್ಯಾರಿಗೂ ಗೊತ್ತಿದ್ದಿಲ್ಲೇನ್ರಿ?"

ಹತ್ತು ಜನ ಇದ್ದೆವು. ಫೋನು ನನ್ನ ಕೈಲಿತ್ತು, ಆದ್ದರಿಂದ ನಾನೇ ಹೇಳಬೇಕಾಯಿತು.

"ಇಲ್ಲಮ್ಮಾ" ಅಂದೆ.